ತಿರುಗಿದ ತಲೆ, ಮೂರು ಚೀಟಿ

ಚಿತ್ರದ ಎಡಗಡೆ ಕೆಂಪು ಉಡುಪಿನ ಹೆಣ್ಣು. ಕ್ಯಾಮೆರಾಕ್ಕೆ ತೀರಾ ಹತ್ತಿರ ಇರುವುದರಿಂದ ಅವಳು ಕೊಂಚ ಮಸುಕಾಗಿ ಕಾಣುತ್ತಾಳೆ. ಅವಳನ್ನು ಈಗಷ್ಟೇ ದಾಟಿ ಹೋದ ಜೋಡಿಯೊಂದು ಹಿಂದೆ ಇದೆ. ನಡುವೆ ನೀಲಿ ಚೌಕಳಿ ಅಂಗಿಯ ಯುವಕ ತಲೆಯನ್ನು ಪೂರ್ತಿ ಹಿಂದಕ್ಕೆ ಹೊರಳಿಸಿದ್ದಾನೆ, ತುಟಿ ಸಿಳ್ಳೆ ಹೊಡೆಯುವ ಹಾಗೆ ಮುಂದೆ ಬಂದಿದೆ. ಬಲಗಡೆ ಅವನ ಕೈ ಹಿಡಿದ ಗೆಳತಿ ಬಾಯಿ ತೆರೆದು, ಇವನಿಗೇನಾಯಿತು ಎಂಬಂತೆ ಅವನನ್ನೇ ನೋಡುತ್ತಿದ್ದಾಳೆ. ಫೋನು ಇಟ್ಟುಕೊಂಡವರಲ್ಲಿ ಈ ಚಿತ್ರ ನೋಡದವರು ಕಡಿಮೆ. ಮೂವರ ಮೇಲೂ ಒಂದೊಂದು ಚೀಟಿ ಅಂಟಿಸಿದರೆ ಮೀಮ್ ಸಿದ್ಧ. ಪರೀಕ್ಷೆಯ ಹಿಂದಿನ ರಾತ್ರಿ, ನಾನು, ಕ್ರಿಕೆಟ್ ಮ್ಯಾಚು. ಯಾರು ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇದನ್ನು ಓದುವ ಸೂತ್ರವನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಗಂಡಸು ಆಯ್ಕೆ ಮಾಡುವವನು, ಗೆಳತಿ ಅವನ ಬಳಿ ಈಗಾಗಲೇ ಇರುವುದು, ಕೆಂಪು ಉಡುಪಿನವಳು ಅವನನ್ನು ಸೆಳೆದದ್ದು. ಸೂತ್ರ ಸರಿಯೇ. ಆದರೆ ಇದೇ ಚಿತ್ರ ಒಂದು ಕಡೆ ಬೈಗುಳವಾಗುತ್ತದೆ, ಇನ್ನೊಂದು ಕಡೆ ತಪ್ಪೊಪ್ಪಿಗೆಯಾಗುತ್ತದೆ, ಮತ್ತೊಂದು ಕಡೆ ಜಾಹೀರಾತಾಗುತ್ತದೆ. ಮೂವರ ಜಾಗ ಬದಲಾಗದೆ ಅರ್ಥ ಮಾತ್ರ ಇಷ್ಟು ಬದಲಾಗುವುದು ಹೇಗೆ ಎಂಬುದಕ್ಕೆ ಈ ಸೂತ್ರದಲ್ಲಿ ಉತ್ತರವಿಲ್ಲ. ಹಾಗಾಗಿ ಚಿತ್ರದ ಹಳೆಯ ದಾಖಲೆಗಳನ್ನು ಹಿಂದಿನಿಂದ ಹಿಡಿದು ನೋಡುತ್ತ ಬಂದೆ.

ಮೀಮಿನ ಮೂಲ ಹುಡುಕುವುದು ಕೈಬರಹದ ಪ್ರತಿಯ ಮೂಲ ಹುಡುಕುವುದಕ್ಕಿಂತ ಸುಲಭ ಎಂದುಕೊಂಡರೆ ಅದು ಭ್ರಮೆ. ಕ್ಯಾಮೆರಾ ಚಿತ್ರದೊಳಗೆ ಬರೆದಿಡುವ ದಿನಾಂಕ, ಸಲಕರಣೆಯ ವಿವರಗಳನ್ನು ಫೇಸ್‌ಬುಕ್ಕಿನಂಥ ತಾಣಗಳು ಏರಿಸುವಾಗಲೇ ಕಿತ್ತುಹಾಕುತ್ತವೆ. ಒಬ್ಬರಿಂದೊಬ್ಬರಿಗೆ ಹೋಗುತ್ತ ಅಂಚು ಕತ್ತರಿಸಿ ಹೋಗುತ್ತದೆ, ಬಣ್ಣ ಮಾಸುತ್ತದೆ, ಚೀಟಿಯ ಮೇಲೆ ಚೀಟಿ ಬೀಳುತ್ತದೆ. ಚಿತ್ರವನ್ನೇ ಕೊಟ್ಟು ಹುಡುಕುವ ಯಂತ್ರಗಳು ತಾವು ಮೊದಲು ಕಂಡ ದಿನವನ್ನು ಹೇಳುತ್ತವೆಯೇ ಹೊರತು ಚಿತ್ರ ಮೊದಲು ಹುಟ್ಟಿದ ದಿನವನ್ನಲ್ಲ. ಇದಕ್ಕೆ ಉಪಾಯ ಒಂದೇ: ಚೀಟಿಯಿಲ್ಲದ, ಅಂಚು ಕತ್ತರಿಸದ, ಅತಿ ದೊಡ್ಡ ಪ್ರತಿ ಯಾವುದೋ ಅದನ್ನು ಹಿಡಿಯುವುದು. ಮಿಕ್ಕ ಪ್ರತಿಗಳಲ್ಲಿ ಇಲ್ಲದ ಒಂದಿಷ್ಟು ಬೀದಿ, ಒಂದಿಷ್ಟು ಗೋಡೆ ಅದರಲ್ಲಿ ಉಳಿದಿರುತ್ತದೆ. ಈ ಚಿತ್ರದ ಮಟ್ಟಿಗೆ ಅಂಥ ಪ್ರತಿ ಸಿಗುವುದು ಚಿತ್ರಗಳನ್ನು ಬಾಡಿಗೆಗೆ ಕೊಡುವಂತೆ ಪರವಾನಗಿಯ ಮೇಲೆ ಮಾರುವ ಸ್ಟಾಕ್ ಫೋಟೋ ಕಂಪನಿಗಳ ಭಂಡಾರದಲ್ಲಿ.

ಅಲ್ಲಿ ಇದಕ್ಕೆ ಹೆಸರೂ ಇದೆ. ಗೆಳತಿಯೊಂದಿಗೆ ನಡೆಯುತ್ತಿರುವ ನಿಷ್ಠೆಗೆಟ್ಟ ಗಂಡಸು ಇನ್ನೊಬ್ಬ ಮೋಹಕ ಹೆಣ್ಣನ್ನು ಬೆರಗಿನಿಂದ ನೋಡುತ್ತಿರುವುದು, ಎಂಬ ಅರ್ಥದ ಉದ್ದನೆಯ ಇಂಗ್ಲಿಷ್ ಶೀರ್ಷಿಕೆ. ತೆಗೆದವನು ಬಾರ್ಸಿಲೋನಾದ ಆಂಟೋನಿಯೊ ಗಿಲ್ಲೆಮ್. 2015ರ ನಡುಭಾಗದಲ್ಲಿ ಕ್ಯಾಟಲೋನಿಯಾದ ಜಿರೋನಾ ಊರಿನ ಬೀದಿಯಲ್ಲಿ, ತನ್ನೊಂದಿಗೆ ಆಗಾಗ ಕೆಲಸ ಮಾಡುವ ಮಾಡೆಲ್‌ಗಳನ್ನು ನಿಲ್ಲಿಸಿ ತೆಗೆದದ್ದು. ಆ ವರ್ಷದ ನವೆಂಬರಿನ ಹೊತ್ತಿಗೆ ಅದು ಮಾರಾಟಕ್ಕೆ ಬಂದಿತ್ತು. ದಾಂಪತ್ಯದ್ರೋಹವನ್ನು ತಮಾಷೆಯಾಗಿ ತೋರಿಸುವ ಸರಣಿಯೊಂದನ್ನು ಮಾಡೋಣ ಎಂದು ಹೊರಟದ್ದಾಗಿಯೂ, ಮಾಡೆಲ್‌ಗಳಲ್ಲಿ ಒಬ್ಬರಲ್ಲ ಒಬ್ಬರು ನಗುತ್ತಿದ್ದುದರಿಂದ ಚಿತ್ರೀಕರಣ ಕಷ್ಟವಾಯಿತೆಂದೂ ಅವನು ಮುಂದೆ ಪತ್ರಿಕೆಗಳಿಗೆ ಹೇಳಿದ್ದಾನೆ. ಮೀಮ್ ಎಂದರೇನೆಂದೇ ಅವನಿಗೆ ತಿಳಿದಿರಲಿಲ್ಲ. ಸುದ್ದಿ ತಂದವರು ಮಾಡೆಲ್‌ಗಳು.

ಈ ಶೀರ್ಷಿಕೆಯನ್ನು ನಾನು ಚಿತ್ರದ ಮೊದಲ ಚೀಟಿ ಎಂದು ಕರೆಯುತ್ತೇನೆ. ಸ್ಟಾಕ್ ಫೋಟೋದ ಶೀರ್ಷಿಕೆ ಕಾವ್ಯವಲ್ಲ, ಗಿರಾಕಿ ಹುಡುಕಲು ಸುಲಭವಾಗಲಿ ಎಂದು ಬರೆದ ಸರಕಿನ ಪಟ್ಟಿ. ಮದುವೆ, ಅನುಮಾನ, ಜಗಳ ಎಂಬ ವಿಷಯಗಳ ಲೇಖನಕ್ಕೆ ಚಿತ್ರ ಬೇಕಾದ ಸಂಪಾದಕ ಇದನ್ನು ಕೊಳ್ಳಲಿ ಎಂಬುದು ಲೆಕ್ಕಾಚಾರ. ಆದರೂ ಅದರಲ್ಲಿ ತೀರ್ಪು ಆಗಲೇ ಬಂದುಬಿಟ್ಟಿದೆ. ತಪ್ಪಿತಸ್ಥ ಗಂಡಸು. ಗೆಳತಿಗೆ ಅನ್ಯಾಯವಾಗಿದೆ. ಕೆಂಪು ಉಡುಪಿನವಳು ಮೋಹಕ, ಅಂದರೆ ತಪ್ಪಿನ ಒಂದು ಪಾಲು ಅವಳ ಮೇಲೂ ಹಾಕಲಾಗಿದೆ. ಇಲ್ಲೇ ಒಂದು ವಿಚಿತ್ರವಿದೆ. ಚಿತ್ರದಲ್ಲಿ ಅವಳು ಯಾರನ್ನೂ ಮೋಹಿಸುತ್ತಿಲ್ಲ. ಹಿಂದೆ ಏನಾಗುತ್ತಿದೆ ಎಂಬ ಅರಿವೂ ಇಲ್ಲದೆ ತನ್ನ ಪಾಡಿಗೆ ತಾನು ನಡೆದು ಹೋಗುತ್ತಿದ್ದಾಳೆ. ಮೂವರ ನೋಟ ಸರಪಳಿಯ ಹಾಗೆ ಕಟ್ಟಿಕೊಂಡಿದೆ: ಗೆಳತಿ ಅವನನ್ನು ನೋಡುತ್ತಾಳೆ, ಅವನು ಇವಳನ್ನು ನೋಡುತ್ತಾನೆ, ಇವಳು ಅವರಿಬ್ಬರನ್ನೂ ನೋಡುವುದಿಲ್ಲ. ನಡೆದ ಸಂಗತಿ ಪೂರ್ತಿ ಗೊತ್ತಿರುವುದು ಗೆಳತಿಗೆ ಮಾತ್ರ, ನಮ್ಮನ್ನು ಬಿಟ್ಟರೆ. ಈ ಸರಪಳಿಯನ್ನು ನೆನಪಿಟ್ಟುಕೊಳ್ಳಿ, ಸ್ವೀಡನ್ನಿನ ಪ್ರಕರಣ ಬಂದಾಗ ಬೇಕಾಗುತ್ತದೆ.

ಮೂವರ ಮೇಲೂ ಹೆಸರು ಬರೆದ ಚಿತ್ರದ ಅತಿ ಹಳೆಯ ದಾಖಲೆ ಟರ್ಕಿಯದು. 2017ರ ಜನವರಿ ಕೊನೆಯಲ್ಲಿ ಪ್ರೋಗ್ರೆಸಿವ್ ರಾಕ್ ಸಂಗೀತದ ಅಭಿಮಾನಿಗಳ ಒಂದು ಫೇಸ್‌ಬುಕ್ ಬಳಗ ಇದನ್ನು ಹಾಕಿತು. ಆ ಸಂಗೀತದ ವೈರಿಗಳಿಗೆ ಉತ್ತರ ಕೊಡುವುದೇ ತಮ್ಮ ಕೆಲಸವೆಂದು ಬಳಗ ತನ್ನ ಹೆಸರಿನಲ್ಲೇ ಹೇಳಿಕೊಂಡಿತ್ತು. ಗಂಡಸಿನ ಮೇಲೆ ಫಿಲ್ ಕಾಲಿನ್ಸ್ ಎಂಬ ಹೆಸರು, ಗೆಳತಿಯ ಮೇಲೆ ಪ್ರೋಗ್ರೆಸಿವ್ ರಾಕ್‌ನ ಕಿರುರೂಪವಾದ ಪ್ರಾಗ್, ಕೆಂಪು ಉಡುಪಿನವಳ ಮೇಲೆ ಪಾಪ್. ಹಿನ್ನೆಲೆ ಗೊತ್ತಿದ್ದರೆ ನಗು ಬರುತ್ತದೆ. ಕಾಲಿನ್ಸ್ ಜೆನೆಸಿಸ್ ತಂಡದ ಡ್ರಮ್ ವಾದಕ. 1975ರಲ್ಲಿ ಪೀಟರ್ ಗೇಬ್ರಿಯಲ್ ತಂಡ ಬಿಟ್ಟ ಮೇಲೆ ಹಾಡುಗಾರನೂ ಆದ. ಇಪ್ಪತ್ತು ನಿಮಿಷದ ಸಂಕೀರ್ಣ ರಚನೆಗಳಿಗೆ ಹೆಸರಾಗಿದ್ದ ತಂಡ ಎಂಬತ್ತರ ದಶಕದಲ್ಲಿ ರೇಡಿಯೊಗೆ ಒಗ್ಗುವ ಪುಟ್ಟ ಹಾಡುಗಳತ್ತ ವಾಲಿತು, ಅವನೂ ಸ್ವಂತವಾಗಿ ಪಾಪ್ ತಾರೆಯಾದ. ಹಳೆಯ ಅಭಿಮಾನಿಗಳು ಅದನ್ನು ಇಂದಿಗೂ ಕ್ಷಮಿಸಿಲ್ಲ.

ಈ ಚಿತ್ರವನ್ನು ಹಾಕಿದವರು ಮೂವರಲ್ಲಿ ಯಾರ ಜಾಗದಲ್ಲಿ ನಿಂತಿದ್ದಾರೆ? ನಿಸ್ಸಂದೇಹವಾಗಿ ಗೆಳತಿಯ ಜಾಗದಲ್ಲಿ. ತಾವು ಪ್ರೀತಿಸುವ ಸಂಗೀತವನ್ನು ಒಬ್ಬ ಕಲಾವಿದ ಬಿಟ್ಟು ಹೋದ ಎಂಬ ದೂರು ಅವರದು. ಚೀಟಿ ಅಂಟಿಸಿದವರ ಬಾಯಿ, ಚಿತ್ರದಲ್ಲಿ ತೆರೆದ ಗೆಳತಿಯ ಬಾಯಿ, ಎರಡೂ ಒಂದೇ. ಮಾರಾಟದ ಶೀರ್ಷಿಕೆಯ ತೀರ್ಪು ಇಲ್ಲಿ ಹಾಗೆಯೇ ಉಳಿದಿದೆ.

ಅದಾದ ತಿಂಗಳೊಳಗೆ ಚಿತ್ರ ನಮ್ಮ ದೇಶದ ದಾಖಲೆಯಲ್ಲೂ ಕಾಣಿಸುತ್ತದೆ. 2017ರ ಫೆಬ್ರವರಿ 24ರಂದು ದೇಖ್ ಭಾಯ್ ಎಂಬ ಇನ್‌ಸ್ಟಾಗ್ರಾಂ ಖಾತೆ ಇದನ್ನು ಹಾಕಿ, ತಿಂಗಳಿಗೊಮ್ಮೆ ಪ್ರೀತಿಗೆ ಬೀಳುವ ಗೆಳೆಯನನ್ನು ಟ್ಯಾಗ್ ಮಾಡಿ ಎಂದು ಬರೆಯಿತು. ಮೆಚ್ಚುಗೆಗಳು ಸಾವಿರಗಟ್ಟಲೆ ಬಂದವು. ಮೀಮಿನ ಇತಿಹಾಸ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಇದು ಮುಖ್ಯವಾಗಿ ಕಂಡಿತು, ಏಕೆಂದರೆ ಇಲ್ಲಿ ಮೂರು ಚೀಟಿಗಳೇ ಇಲ್ಲ. ಗಂಡಸು ಗಂಡಸಾಗಿಯೇ, ಹೆಣ್ಣು ಹೆಣ್ಣಾಗಿಯೇ ಉಳಿದಿದ್ದಾರೆ. ಯಾರೂ ಯಾವುದಕ್ಕೂ ನಿಂತಿಲ್ಲ. ಜತೆಗೆ ತೀರ್ಪೂ ಕರಗಿಹೋಗಿದೆ. ಅಲೆಯುವ ಕಣ್ಣಿನವನು ಇಲ್ಲಿ ನಿಷ್ಠೆಗೆಟ್ಟವನಲ್ಲ, ಕಾಲೆಳೆಯಬಹುದಾದ ಗೆಳೆಯ. ಒಂದೇ ಚಿತ್ರ ಒಂದೇ ತಿಂಗಳ ಅಂತರದಲ್ಲಿ ಒಂದು ಕಡೆ ರೂಪಕವಾಗಿಯೂ ಇನ್ನೊಂದು ಕಡೆ ಬರೀ ಹುಡುಗಾಟಿಕೆಯಾಗಿಯೂ ಓಡಾಡಿತು. ಲೋಕ ಹಿಡಿದುಕೊಂಡದ್ದು ರೂಪಕವನ್ನು.

ಹಿಡಿದುಕೊಂಡದ್ದು ಆ ವರ್ಷದ ಆಗಸ್ಟಿನಲ್ಲಿ. ಯುವಜನ, ಬಂಡವಾಳಶಾಹಿ, ಸಮಾಜವಾದ ಎಂಬ ಮೂರು ಚೀಟಿ ಹೊತ್ತ ಚಿತ್ರವೊಂದು ಟ್ವಿಟರಿನಲ್ಲಿ ಹಬ್ಬಿತು. ಯುವಜನ ತಿರುಗಿ ನೋಡುತ್ತಿರುವುದು ಸಮಾಜವಾದವನ್ನು, ಬಾಯಿ ತೆರೆದು ನಿಂತದ್ದು ಬಂಡವಾಳಶಾಹಿ. ಅದೇ ತಿಂಗಳ 21ರಂದು ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣವಿತ್ತು. ಗ್ರಹಣವೇ ಕೆಂಪು ಉಡುಪಿನವಳಾಗಿ, ನಾನು ಎಂಬುದು ಗಂಡಸಾಗಿ, ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು ಎಂಬ ವೈಜ್ಞಾನಿಕ ಎಚ್ಚರಿಕೆ ಗೆಳತಿಯಾಗಿ ಇನ್ನೊಂದು ಚಿತ್ರ ಹರಿದಾಡಿತು. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಅಚ್ಚಿನ ವ್ಯಾಕರಣ ಹೊರಬೀಳುತ್ತದೆ.

ಗ್ರಹಣದ ಚಿತ್ರವನ್ನು ಮೊದಲು ನೋಡೋಣ. ಅಂಟಿಸಿದವನು ತನ್ನನ್ನೇ ನಡುವೆ ನಿಲ್ಲಿಸಿಕೊಂಡಿದ್ದಾನೆ. ತಾನು ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಗೊತ್ತು. ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಗೆಳತಿಯ ಮುಖ. ಆ ಮುಖವಿಲ್ಲದಿದ್ದರೆ ಇದು ಗ್ರಹಣ ನೋಡುವ ಉತ್ಸಾಹವಷ್ಟೇ ಆಗುತ್ತಿತ್ತು, ನಗುವಿಗೆ ಕಾರಣವಿರುತ್ತಿರಲಿಲ್ಲ. ಇಂಗ್ಲಿಷಿನಂತೆಯೇ ಕನ್ನಡವನ್ನೂ ಎಡದಿಂದ ಬಲಕ್ಕೆ ಓದುವ ನಮಗೆ ಇನ್ನೊಂದು ಅನುಕೂಲ: ಮೊದಲು ಕಣ್ಣಿಗೆ ಬೀಳುವುದು ಸೆಳೆತ, ಆಮೇಲೆ ಸೆಳೆತಕ್ಕೆ ಸಿಕ್ಕಿದವನು, ಕಡೆಗೆ ಅವನು ಮರೆತದ್ದು. ಮರೆತದ್ದರ ಹೆಸರು ಕೊನೆಗೆ ಬರುತ್ತದೆ, ನಗುವೂ ಅಲ್ಲೇ ಒಡೆಯುತ್ತದೆ. ಚೆನ್ನಾಗಿ ಮಾಡಿದ ಮೀಮುಗಳಲ್ಲಿ ಬಲಗಡೆಯ ಚೀಟಿಯೇ ಉದ್ದ ಇರುವುದು, ಅದರಲ್ಲೇ ಜಾಣತನ ಇರುವುದು ಇದಕ್ಕೇ ಇರಬೇಕು.

ಯುವಜನರ ಚಿತ್ರ ಇಷ್ಟು ಸರಳವಲ್ಲ. ನಡುವಿನ ಚೀಟಿಯಲ್ಲಿ ನಾನು ಎಂದಿಲ್ಲ, ಯುವಜನ ಎಂದಿದೆ. ಇದನ್ನು ಎಡಪಂಥದ ಹುಡುಗನೊಬ್ಬ ಹಂಚಿಕೊಂಡರೆ ಅದು ಸಂಭ್ರಮ: ನೋಡಿ, ನಿಮ್ಮ ಹಳೆಯ ವ್ಯವಸ್ಥೆ ಬಾಯಿ ಬಿಟ್ಟು ನಿಂತಿದೆ. ಅದನ್ನೇ ಬಲಪಂಥದ ಮಾವನೊಬ್ಬ ಹಂಚಿಕೊಂಡರೆ ಅದು ದೂರು: ಅನ್ನ ಕೊಟ್ಟವಳನ್ನು ಬಿಟ್ಟು ಈ ಹುಡುಗರು ಥಳುಕಿನ ಹಿಂದೆ ಹೋಗುತ್ತಿದ್ದಾರೆ. ಒಂದು ಅಕ್ಷರ ಬದಲಾಗಬೇಕಿಲ್ಲ. ಮೊದಲಿನವನು ನಡುವಿನವನ ಜಾಗದಲ್ಲಿ ನಿಂತು ಓದಿದ, ಎರಡನೆಯವನು ಗೆಳತಿಯ ಜಾಗದಲ್ಲಿ. ಆದ್ದರಿಂದ ಯಾರು ಯಾವುದಕ್ಕೆ ನಿಂತಿದ್ದಾರೆ ಎಂದು ಕೇಳುವ ಮೊದಲು, ಇದನ್ನು ತೋರಿಸುತ್ತಿರುವವನು ಮೂವರಲ್ಲಿ ಎಲ್ಲಿ ನಿಂತಿದ್ದಾನೆ ಎಂದು ಕೇಳಬೇಕು. ನಡುವಿನ ಚೀಟಿಯಲ್ಲಿ ನಾನು ಎಂದಿದ್ದರೆ ಸಾಮಾನ್ಯವಾಗಿ ಅದು ತಪ್ಪೊಪ್ಪಿಗೆ. ಬೇರೆಯವರ ಹೆಸರಿದ್ದರೆ ಬಹುಪಾಲು ಬೈಗುಳ. ನೀನು ಎಂದಿದ್ದರೆ ಎಚ್ಚರವಾಗಿರಬೇಕು.

ಚೀಟಿ ತಪ್ಪು ಜಾಗಕ್ಕೆ ಬಿದ್ದರೆ ಅದೂ ಗೊತ್ತಾಗುತ್ತದೆ. ನಡುವಿನ ಜಾಗಕ್ಕೆ ಮನಸ್ಸಿಲ್ಲದ ವಸ್ತುವನ್ನು ಕೂರಿಸಿದರೆ ಚಿತ್ರ ಸಾಯುತ್ತದೆ. ತಲೆ ತಿರುಗಿಸಲು ಬಾರದ್ದು ಅಲ್ಲಿ ನಿಲ್ಲಲಾರದು. ಗೆಳತಿಯ ಜಾಗದಲ್ಲಿ ಇರುವುದಕ್ಕೆ ನಡುವಿನವನ ಮೇಲೆ ಮೊದಲಿನಿಂದ ಒಂದು ಹಕ್ಕು ಇರಬೇಕು, ಕೈ ಹಿಡಿದಿರುವಷ್ಟಾದರೂ. ಬರೀ ಎರಡು ತಿಂಡಿಗಳ ನಡುವೆ ಯಾವುದು ಇಷ್ಟ ಎಂದು ತೋರಿಸಲು ಈ ಚಿತ್ರ ಬಳಸುವವರು ಆ ಹಕ್ಕನ್ನು ಮರೆಯುತ್ತಾರೆ, ನೋಡಿದವರಿಗೆ ಏನೋ ಸಪ್ಪೆ ಅನ್ನಿಸುತ್ತದೆ. ಮನೆಯಲ್ಲಿ ಮಾಡಿಟ್ಟ ಉಪ್ಪಿಟ್ಟು ಮತ್ತು ಬೀದಿಯ ಗೋಬಿ ಮಂಚೂರಿ ಎಂದು ಬರೆದ ಕ್ಷಣ ಸರಿಹೋಗುತ್ತದೆ.

ಇಷ್ಟು ಹೊತ್ತಿಗೆ ಇದರ ಪೂರ್ವಜರನ್ನು ಹುಡುಕುವವರೂ ಹುಟ್ಟಿಕೊಂಡಿದ್ದರು. ಚಾರ್ಲಿ ಚಾಪ್ಲಿನ್‌ನ 1922ರ ಪೇ ಡೇ ಚಿತ್ರದ ಚೌಕಟ್ಟೊಂದನ್ನು ಒಬ್ಬರು ತೋರಿಸಿದರು. ಜೋಶುವಾ ರೆನಾಲ್ಡ್ಸ್ 1760-61ರಲ್ಲಿ ಬರೆದ ವರ್ಣಚಿತ್ರವನ್ನು ಇನ್ನೊಬ್ಬರು ತಂದರು. ಅದರಲ್ಲಿ ಲಂಡನ್ನಿನ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್ ಇಬ್ಬರು ಹೆಂಗಸರ ನಡುವೆ ಸಿಕ್ಕಿಬಿದ್ದಿದ್ದಾನೆ. ಒಬ್ಬಳು ದುರಂತ ನಾಟಕ, ಒಬ್ಬಳು ಹಾಸ್ಯ ನಾಟಕ. ಹೋಲಿಕೆ ಜನರಿಗೆ ಹಿಡಿಸಿತು. ಆದರೆ ಹತ್ತಿರ ಹೋಗಿ ನೋಡಿದರೆ ವಿಷಯ ತಲೆಕೆಳಗು. ಗ್ಯಾರಿಕ್‌ನನ್ನು ಹಾಸ್ಯ ಹಿಡಿದೆಳೆಯುತ್ತಿದೆ, ಮೈ ಅತ್ತ ವಾಲಿದೆ. ಮುಖ ಮಾತ್ರ ದುರಂತದ ಕಡೆ ತಿರುಗಿ, ಏನು ಮಾಡಲಿ ತಾಯಿ, ಬಿಡುತ್ತಿಲ್ಲ ಎಂಬ ಪೆಚ್ಚುನಗೆ ನಗುತ್ತಿದೆ. ಜಿರೋನಾದ ಹುಡುಗನ ಮೈ ಹಳೆಯವಳ ಜತೆ ಹೋಗುತ್ತಿದೆ, ಕಣ್ಣು ಹೊಸಬಳ ಮೇಲಿದೆ. ಗ್ಯಾರಿಕ್‌ನ ಮೈ ಸೆಳೆದವಳ ಜತೆ ಹೋಗುತ್ತಿದೆ, ಕಣ್ಣು ಬಿಟ್ಟುಬಂದವಳ ಕ್ಷಮೆ ಕೇಳುತ್ತಿದೆ.

ಹೋಲಿಕೆ ಮಾಡಿದವರು ಇಲ್ಲಿಗೆ ನಿಂತರು. ರೆನಾಲ್ಡ್ಸ್ ತಾನೇ ಒಂದು ಹಳೆಯ ಅಚ್ಚನ್ನು ಗೇಲಿ ಮಾಡುತ್ತಿದ್ದ, ದಾಖಲೆ ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗುತ್ತದೆ. ಕ್ರಿಸ್ತಪೂರ್ವ ಐದನೆಯ ಶತಮಾನದ ಪ್ರೋಡಿಕಸ್ ಎಂಬ ಗ್ರೀಕ್ ಪಂಡಿತ ಹೇಳಿದ, ಕ್ಸೆನೊಫನ್ ಬರೆದಿಟ್ಟ ಕಥೆ ಅದು. ಹರೆಯದ ಹರ್ಕ್ಯುಲಿಸ್ ಬದುಕಿನ ದಾರಿ ಯಾವುದೆಂದು ತಿಳಿಯದೆ ಒಂಟಿಯಾಗಿ ಕೂತಿರುವಾಗ ಇಬ್ಬರು ಹೆಂಗಸರು ಎದುರಾಗುತ್ತಾರೆ. ಒಬ್ಬಳು ಸದ್ಗುಣ, ಸಾದಾ ಬಿಳಿ ಉಡುಪು. ಇನ್ನೊಬ್ಬಳು ಬಣ್ಣ ಬಳಿದುಕೊಂಡು ಸಿಂಗರಿಸಿಕೊಂಡವಳು. ನಿನ್ನ ಹೆಸರೇನು ಎಂದು ಹರ್ಕ್ಯುಲಿಸ್ ಕೇಳಿದಾಗ ಅವಳು ಕೊಡುವ ಉತ್ತರ ಈ ಇಡೀ ಹುಡುಕಾಟದಲ್ಲಿ ನನಗೆ ಅತಿ ಪ್ರಿಯವಾದದ್ದು. ಗೆಳೆಯರು ನನ್ನನ್ನು ಸುಖ ಎನ್ನುತ್ತಾರೆ, ಆಗದವರು ದುರ್ಗುಣ ಎಂದು ಕರೆಯುತ್ತಾರೆ ಎಂಬ ಅರ್ಥದ ಮಾತು. ಚೀಟಿ ಯಾರ ಕೈಯದು ಎಂಬ ಪ್ರಶ್ನೆ ಆಗಲೇ ಎದ್ದಿತ್ತು.

ಈ ಕಥೆಯನ್ನು ಯುರೋಪಿನ ಚಿತ್ರಕಾರರು ಮತ್ತೆ ಮತ್ತೆ ಬರೆದರು. ಅನಿಬಾಲೆ ಕರಾಚಿ 1596ರಲ್ಲಿ ಬರೆದದ್ದು ನೇಪಲ್ಸ್‌ನಲ್ಲಿದೆ. ಆದರೆ ನಮ್ಮ ಚಿತ್ರಕ್ಕೆ ಬೀಗದ ಕೈ ಸಿಕ್ಕಿದ್ದು ಚಿತ್ರಕಾರನಿಂದಲ್ಲ, ಶಾಫ್ಟ್ಸ್‌ಬರಿಯ ಮೂರನೆಯ ಅರ್ಲ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿಯಿಂದ. ಕ್ಷಯದಿಂದಲೋ ಉಬ್ಬಸದಿಂದಲೋ ಉಸಿರು ಕಟ್ಟಿ ನೇಪಲ್ಸ್‌ಗೆ ಹವೆ ಬದಲಾವಣೆಗೆಂದು ಹೋಗಿ ಅಲ್ಲೇ ಉಳಿದಿದ್ದ ಅವನು ಪಾವೊಲೊ ದೆ ಮತ್ತೇಯಿಸ್ ಎಂಬ ಚಿತ್ರಕಾರನಿಂದ ಹರ್ಕ್ಯುಲಿಸ್‌ನ ಚಿತ್ರ ಬರೆಯಿಸಿದ. ಹೇಗೆ ಬರೆಯಬೇಕೆಂದು ಒಂದು ಪ್ರಬಂಧವನ್ನೇ ಬರೆದುಕೊಟ್ಟ. 1713ರಲ್ಲಿ ಅವನು ತೀರಿಕೊಂಡ, ಪ್ರಬಂಧದ ಇಂಗ್ಲಿಷ್ ರೂಪ ಅದೇ ವರ್ಷ ಅಚ್ಚಾಯಿತು.

ಅವನ ಪ್ರಶ್ನೆ ಸರಳ. ಕಥೆ ಹೊತ್ತಿನ ಜತೆ ನಡೆಯುತ್ತದೆ, ಚಿತ್ರಕ್ಕೆ ಇರುವುದು ಒಂದೇ ಕ್ಷಣ. ಯಾವ ಕ್ಷಣವನ್ನು ಹಿಡಿಯಬೇಕು? ಇಬ್ಬರೂ ಈಗಷ್ಟೇ ಬಂದ ಹೊತ್ತೇ, ವಾದ ಶುರುವಾದ ಹೊತ್ತೇ, ವಾದ ಬಿಸಿಯೇರಿ ಸದ್ಗುಣದ ಕೈ ಮೇಲಾಗುತ್ತಿರುವ ಹೊತ್ತೇ, ಎಲ್ಲ ಮುಗಿದು ಅವನು ಒಪ್ಪಿಕೊಂಡ ಹೊತ್ತೇ? ಅವನು ಆರಿಸಿದ್ದು ಮೂರನೆಯದನ್ನು, ಮನಸ್ಸು ತಿರುಗುತ್ತಿರುವ ಹೊತ್ತನ್ನು. ಹಾಗಾದರೆ ಒಂದೇ ಕ್ಷಣದಲ್ಲಿ ಹಿಂದಿನದೂ ಮುಂದಿನದೂ ಕಾಣಬೇಕಲ್ಲ ಎಂಬುದಕ್ಕೆ ಅವನು ಕೊಟ್ಟ ಉಪಾಯ ಮೈಯನ್ನು ಬಲ್ಲವನದು. ಮನಸ್ಸು ಥಟ್ಟನೆ ಬೇರೆಡೆಗೆ ಹೊರಳಿದಾಗ ಮೊದಲು ಅಲುಗುವುದು ಹತ್ತಿರದ ಚುರುಕಾದ ಅಂಗಗಳು: ಕಣ್ಣು, ಬಾಯಿಯ ಸುತ್ತಣ ಸ್ನಾಯು, ಹಣೆ. ಭಾರವಾದ ದೂರದ ಅಂಗಗಳು ಹಳೆಯ ಭಂಗಿಯಲ್ಲೇ ಉಳಿದು ಆಮೇಲೆ ಸರಿಹೊಂದಿಕೊಳ್ಳುತ್ತವೆ. ಹಾಗಾಗಿ ಮುಖದಲ್ಲಿ ಮುಂದಾಗುವುದನ್ನೂ ಕಾಲಿನಲ್ಲಿ ಹಿಂದಾದದ್ದನ್ನೂ ಒಟ್ಟಿಗೆ ಬರೆಯಬಹುದು.

ಗಿಲ್ಲೆಮ್ ಇದನ್ನು ಓದಿರಲಿಕ್ಕಿಲ್ಲ, ಓದಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಅವನ ಚಿತ್ರ ಈ ಸೂತ್ರಕ್ಕೆ ಹೊಲಿದಿಟ್ಟಂತಿದೆ. ಕಾಲು ಗೆಳತಿಯ ಜತೆ ಹೆಜ್ಜೆ ಹಾಕುತ್ತಿದೆ, ಕೈ ಅವಳ ಕೈಯಲ್ಲಿದೆ, ಕಣ್ಣು ಮತ್ತು ತುಟಿ ಹೊರಟುಹೋಗಿವೆ. ಇದೇ ಮಾಡೆಲ್‌ಗಳ ಇದೇ ಬಗೆಯ ಬೇರೆ ಚಿತ್ರಗಳೂ ಆ ಭಂಡಾರಗಳಲ್ಲಿ ಇವೆ, ಮುನಿಸು, ಜಗಳ, ಅಳು ಎಲ್ಲ ಉಂಟು. ಜನ ಅವನ್ನೆಲ್ಲ ಸಾಲಾಗಿ ಜೋಡಿಸಿ ಕಥೆಯನ್ನೂ ಕಟ್ಟಿದರು. ಯಾವುದೂ ಅಚ್ಚಾಗಲಿಲ್ಲ. ಜಗಳದ ಚಿತ್ರದಲ್ಲಿ ನಿರ್ಧಾರ ಆಗಿಹೋಗಿದೆ, ಚೀಟಿಗೆ ಜಾಗವಿಲ್ಲ. ಇಲ್ಲಿ ಅವನು ಇನ್ನೂ ಏನನ್ನೂ ಬಿಟ್ಟಿಲ್ಲ, ಏನನ್ನೂ ಪಡೆದಿಲ್ಲ. ಅದಕ್ಕೇ ಬೈಯಲೂ ಆಗುತ್ತದೆ, ಒಪ್ಪಿಕೊಳ್ಳಲೂ ಆಗುತ್ತದೆ, ಆಹ್ವಾನಿಸಲೂ ಆಗುತ್ತದೆ.

ಆಹ್ವಾನಿಸಲು ಹೊರಟವರು ಸ್ವೀಡನ್ನಿನ ಇಂಟರ್ನೆಟ್ ಕಂಪನಿ ಬಾನ್‌ಹೋಫ್. 2018ರ ಏಪ್ರಿಲಿನಲ್ಲಿ ಅವರು ಕೆಲಸಕ್ಕೆ ಜನ ಬೇಕೆಂದು ಫೇಸ್‌ಬುಕ್ಕಿನಲ್ಲಿ ಈ ಚಿತ್ರ ಹಾಕಿದರು. ಗಂಡಸಿನ ಮೇಲೆ ನೀನು, ಗೆಳತಿಯ ಮೇಲೆ ನೀನು ಈಗ ಕೆಲಸ ಮಾಡುವ ಜಾಗ, ಕೆಂಪು ಉಡುಪಿನವಳ ಮೇಲೆ ಬಾನ್‌ಹೋಫ್. ಕೆಳಗೆ ಸಾವಿರದ ಹತ್ತಿರ ಪ್ರತಿಕ್ರಿಯೆ ಬಂದವು, ಬಹಳಷ್ಟು ಸಿಟ್ಟಿನವು. ದೂರು ಜಾಹೀರಾತು ಉದ್ಯಮ ತಾನೇ ಕಟ್ಟಿಕೊಂಡ ಒಂಬುಡ್ಸ್‌ಮನ್ ಸಂಸ್ಥೆಗೆ ಹೋಯಿತು. ಸೆಪ್ಟೆಂಬರಿನಲ್ಲಿ ತೀರ್ಪು ಬಂತು: ಇದು ಲಿಂಗ ತಾರತಮ್ಯದ ಜಾಹೀರಾತು.

ಕಂಪನಿಯ ವಾದ ಏನೆಂದರೆ, ಇಂಟರ್ನೆಟ್ ಬಲ್ಲ ಎಲ್ಲರಿಗೂ ಈ ಮೀಮನ್ನು ಹೇಗೆ ಓದಬೇಕೆಂದು ಗೊತ್ತು. ಅಲ್ಲಿರುವವರು ಗಂಡೋ ಹೆಣ್ಣೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಶಿಕ್ಷಿಸುವುದೇ ಆದರೆ ಹಳಸಿದ ಮೀಮ್ ಬಳಸಿದ್ದಕ್ಕೆ ಶಿಕ್ಷಿಸಿ ಎಂದೂ ಸೇರಿಸಿದರು. ಅಂದರೆ ಚೀಟಿಗಳನ್ನು ಮಾತ್ರ ಓದಿ, ಕೆಳಗಿನ ಮನುಷ್ಯರನ್ನು ಬಿಟ್ಟುಬಿಡಿ. ಒಂಬುಡ್ಸ್‌ಮನ್ ಒಪ್ಪಲಿಲ್ಲ. ಕೆಲಸ ಬದಲಿಸಿದ ಹಾಗೆ ಗಂಡಸು ಹೆಣ್ಣನ್ನು ಬದಲಿಸಬಹುದು ಎಂಬ ಭಾವನೆ ಇದರಿಂದ ಬರುತ್ತದೆ ಎಂದರು. ಅದಕ್ಕಿಂತ ಸೂಕ್ಷ್ಮವಾದದ್ದು ಅವರ ಇನ್ನೊಂದು ಮಾತು: ಗಂಡಸು ಇಲ್ಲಿ ಜಾಹೀರಾತು ಓದುವ ವ್ಯಕ್ತಿಯಾಗಿ ನಿಂತಿದ್ದಾನೆ, ಹೆಂಗಸರಿಬ್ಬರೂ ಕೆಲಸದ ಜಾಗಗಳಿಗೆ ನಿಂತಿದ್ದಾರೆ, ಅವರನ್ನು ವಸ್ತುವಾಗಿ ಕಾಣುವುದು ಇದರಿಂದ ಇನ್ನಷ್ಟು ಬಲವಾಗುತ್ತದೆ. ಯಾರು ಯಾವುದಕ್ಕೆ ನಿಂತಿದ್ದಾರೆ ಎಂಬುದನ್ನು ಹೀಗೆ ಅಧಿಕೃತ ದಾಖಲೆಯಲ್ಲಿ ವಿಂಗಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಮಟ್ಟಿಗೆ ಒಂಬುಡ್ಸ್‌ಮನ್ ಮುಟ್ಟಿದ ನರ ಸರಿ, ಆದರೆ ಅವರ ವಾದವನ್ನು ಹಾಗೆಯೇ ಹಿಡಿದರೆ ಗ್ರಹಣದ ಮೀಮೂ, ಉಪ್ಪಿಟ್ಟಿನ ಮೀಮೂ ಉಳಿಯುವುದಿಲ್ಲ. ಅವುಗಳಲ್ಲೂ ನಡುವಿನವನೇ ವ್ಯಕ್ತಿ, ಅಕ್ಕಪಕ್ಕದವರು ವಸ್ತು; ಅಚ್ಚಿನ ಕಟ್ಟೇ ಅದು. ವ್ಯತ್ಯಾಸ ಇರುವುದು ಅಂಟಿಸಿದವರು ನಿಂತ ಜಾಗದಲ್ಲಿ. ಸಂಗೀತದ ಅಭಿಮಾನಿಗಳು ಗೆಳತಿಯ ಜಾಗದಲ್ಲಿ ನಿಂತರು, ಗ್ರಹಣದವನು ಗಂಡಸಿನ ಜಾಗದಲ್ಲಿ. ಎರಡರಲ್ಲೂ ತಿರುಗಿದ ತಲೆಯ ಮೇಲೆ ಒಂದು ಛೀಮಾರಿ ಉಳಿದಿತ್ತು. ಬಾನ್‌ಹೋಫ್ ಹೋಗಿ ನಿಂತದ್ದು ಕೆಂಪು ಉಡುಪಿನವಳ ಜಾಗದಲ್ಲಿ, ನಿಂತು ನೀನು ಎಂದು ಕರೆಯಿತು. ಛೀಮಾರಿ ಹೋಯಿತು, ತಿರುಗಿ ನೋಡುವುದೇ ಸರಿ ಎಂದಾಯಿತು. ಗೆಳತಿಯ ತೆರೆದ ಬಾಯಿ ನಗೆಪಾಟಲಾಯಿತು. ಇನ್ನೂ ಒಂದು ತೊಡಕು: ಮೂಲ ಚಿತ್ರದಲ್ಲಿ ಆ ಹೆಣ್ಣು ಯಾರನ್ನೂ ಕರೆದಿರಲಿಲ್ಲ, ಅವಳಿಗೆ ಹಿಂದಿನದು ಗೊತ್ತೇ ಇರಲಿಲ್ಲ. ಕರೆಯುವ ಕಂಪನಿಯನ್ನು ಅವಳ ಮೇಲೆ ಅಂಟಿಸಿದ ಮೇಲೆ ಅವಳ ನಡಿಗೆಯೇ ಕರೆಯಾಗಿಬಿಟ್ಟಿತು. ಮಾರಾಟದ ಶೀರ್ಷಿಕೆಯಲ್ಲಿದ್ದ ಮೋಹಕ ಎಂಬ ಮಾತನ್ನು ಬಾನ್‌ಹೋಫ್ ನಿಜ ಮಾಡಿತು.

ಒಂಬುಡ್ಸ್‌ಮನ್ ಸಂಸ್ಥೆಗೆ ದಂಡ ಹಾಕುವ ಅಧಿಕಾರವಿಲ್ಲ. ತೀರ್ಪು ಪ್ರಕಟವಾಯಿತು, ಅಷ್ಟೇ.

ಮರುವರ್ಷ ಹಂಗೇರಿಯಲ್ಲಿ ಇದರ ಬಾಲವೊಂದು ಕಾಣಿಸಿತು. ಜನಸಂಖ್ಯೆ ಕುಗ್ಗುತ್ತಿದೆ ಎಂದು ಅಲ್ಲಿನ ಸರ್ಕಾರ 2019ರಲ್ಲಿ ಕುಟುಂಬ ಯೋಜನೆಯೊಂದನ್ನು ಸಾರಿತ್ತು; ನಾಲ್ಕು ಅಥವಾ ಹೆಚ್ಚು ಮಕ್ಕಳ ತಾಯಂದಿರಿಗೆ ಬಾಳಿಡೀ ಆದಾಯ ತೆರಿಗೆ ಮನ್ನಾ, ಹೊಸ ಜೋಡಿಗಳಿಗೆ ಬಡ್ಡಿಯಿಲ್ಲದ ಸಾಲ. ಅದರ ಪ್ರಚಾರದ ಫಲಕಗಳಲ್ಲಿ ನಗುನಗುತ್ತ ನಿಂತ ಜೋಡಿ ಬೇರೆ ಯಾರೂ ಅಲ್ಲ, ಜಿರೋನಾದ ಅದೇ ಗಂಡಸು, ಅದೇ ಗೆಳತಿ, ಬೇರೊಂದು ಸ್ಟಾಕ್ ಚಿತ್ರದಲ್ಲಿ. ಫಲಕದಲ್ಲಿ ಕೆಂಪು ಉಡುಪಿನವಳು ಇರಲಿಲ್ಲ, ಯಾರ ಮೇಲೂ ಚೀಟಿ ಇರಲಿಲ್ಲ. ಜನ ಗುರುತು ಹಿಡಿದು ನಕ್ಕರು; ಸುದ್ದಿ ದೇಶ ದಾಟಿ ಹೋಯಿತು.